0.99 ಬಂದ ಮಾತ್ರಕ್ಕೆ ಮಾದರಿ ಸರಿಯೇ? ಆರ್-ಸ್ಕ್ವೇರ್ ಹೇಳುವುದು, ಹೇಳದಿರುವುದು

ಸ್ನೇಹಿತರೆ,

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವುದು ಹದಿನೈದೇ ಸಾಲುಗಳ ಒಂದು ಪುಟ್ಟ ಕೋಷ್ಟಕ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಈ ಕೋಷ್ಟಕವೂ ಅದರೊಳಗೆ ಇದ್ದೇ ಇರುತ್ತದೆ. ಅದರ ಹೆಸರು `women`. 30ರಿಂದ 39 ವರ್ಷದ ಅಮೆರಿಕದ ಮಹಿಳೆಯರ ಎತ್ತರ ಮತ್ತು ಸರಾಸರಿ ತೂಕ ಅದರಲ್ಲಿದೆ. ಎತ್ತರ 58 ಇಂಚಿನಿಂದ 72 ಇಂಚಿನವರೆಗೆ, ಇಂಚಿಗೊಂದು ಸಾಲು. ತೂಕ 115 ಪೌಂಡಿನಿಂದ 164 ಪೌಂಡಿನವರೆಗೆ. 1975ರ ವರ್ಲ್ಡ್ ಆಲ್ಮನಾಕ್‌ನಿಂದ ತೆಗೆದುಕೊಂಡ ಅಂಕಿಗಳಿವು. ಎತ್ತರದಿಂದ ತೂಕವನ್ನು ಅಂದಾಜು ಮಾಡುವ ಸರಳರೇಖೆಯ ರಿಗ್ರೆಷನ್ ಮಾಡಲು ಬೇಕಾದದ್ದು ಎರಡು ಸಾಲು.

```
m1 <- lm(weight ~ height, data = women)
summary(m1)
```

ಉತ್ತರದಲ್ಲಿ `Multiple R-squared: 0.991` ಎಂದು ಬರುತ್ತದೆ. ಪಕ್ಕದಲ್ಲೇ `Adjusted R-squared: 0.9903`. ಬಹಳಷ್ಟು ಪ್ರಾಜೆಕ್ಟ್ ವರದಿಗಳು ಇಲ್ಲಿಗೇ ನಿಂತು, "ಮಾದರಿ ತೂಕದ ಶೇ. 99ರಷ್ಟನ್ನು ವಿವರಿಸುತ್ತದೆ, ಆದ್ದರಿಂದ ಉತ್ತಮ ಮಾದರಿ" ಎಂದು ಬರೆದು ಮುಗಿಸುತ್ತವೆ. ಈ ಮಾದರಿ ತಪ್ಪು. ತಪ್ಪೆಂಬುದು ಈ ಹದಿನೈದು ಸಾಲುಗಳಲ್ಲೇ ಕಣ್ಣಿಗೆ ಕಾಣುತ್ತದೆ. ಅದನ್ನು ತೋರಿಸುವ ಮೊದಲು 0.991 ಎಂಬ ಸಂಖ್ಯೆ ಎಲ್ಲಿಂದ ಹುಟ್ಟಿತೆಂದು ನೋಡೋಣ.

ಎತ್ತರ ಗೊತ್ತೇ ಇಲ್ಲದೆ ಈ ಹದಿನೈದು ತೂಕಗಳನ್ನು ಊಹಿಸಬೇಕು ಎಂದುಕೊಳ್ಳಿ. ಆಗ ಎಲ್ಲ ಸಾಲಿಗೂ ಸರಾಸರಿಯನ್ನೇ, ಅಂದರೆ 136.7 ಪೌಂಡ್ ಎಂದೇ ಹೇಳುವುದು ಜಾಣತನ. ಪ್ರತಿ ಸಾಲಿನಲ್ಲಿ ಎಷ್ಟು ತಪ್ಪಿದೆವೆಂದು ಲೆಕ್ಕ ಹಾಕಿ, ಆ ತಪ್ಪುಗಳನ್ನು ವರ್ಗ ಮಾಡಿ ಕೂಡಿಸಿದರೆ ಸುಮಾರು 3363 ಬರುತ್ತದೆ. ಈಗ ಎತ್ತರ ಗೊತ್ತಾಯಿತು, ರೇಖೆಯೊಂದನ್ನು ಎಳೆದೆವು. ರೇಖೆ ಹೇಳಿದ ತೂಕಕ್ಕೂ ನಿಜವಾದ ತೂಕಕ್ಕೂ ಇರುವ ವ್ಯತ್ಯಾಸಕ್ಕೆ ಉಳಿಕೆ ಎನ್ನುತ್ತೇವೆ. ಈ ಉಳಿಕೆಗಳ ವರ್ಗಗಳ ಮೊತ್ತ ಕೇವಲ 30.2. ಮೊದಲಿದ್ದ 3363ರಲ್ಲಿ ಇದು ನೂರಕ್ಕೆ ಒಂದು ಪಾಲೂ ಇಲ್ಲ. ಒಂದರಿಂದ ಆ ಪಾಲನ್ನು ಕಳೆದರೆ 0.991. ಆರ್-ಸ್ಕ್ವೇರ್ ಎಂದರೆ ಇಷ್ಟೇ.

ಈ ಲೆಕ್ಕದಲ್ಲಿ ಹೋಲಿಕೆ ಯಾರೊಂದಿಗೆ ನಡೆಯಿತೆಂಬುದನ್ನು ಗಮನಿಸಿ. ನಮ್ಮ ರೇಖೆಯನ್ನು ಹೋಲಿಸಿದ್ದು ಎತ್ತರವನ್ನೇ ನೋಡದ ಆ ಸರಾಸರಿಯೊಂದಿಗೆ. ಸರಿಯಾದ ಮಾದರಿಯೊಂದಿಗಂತೂ ಅಲ್ಲ. ಐದಡಿಗೂ ಕಡಿಮೆ ಇರುವವರಿಗೂ ಆರಡಿ ಇರುವವರಿಗೂ ಒಂದೇ ತೂಕ ಹೇಳುವ ಎದುರಾಳಿಯನ್ನು ಸೋಲಿಸುವುದು ದೊಡ್ಡ ಸಂಗತಿಯಲ್ಲ. ಎತ್ತರ ಹೆಚ್ಚಿದಂತೆ ತೂಕ ಹೆಚ್ಚುವ ಯಾವುದೇ ರೇಖೆ, ತುಸು ಬಾಗಿದ ಸಂಬಂಧಕ್ಕೆ ನೇರವಾಗಿ ಎಳೆದದ್ದಾದರೂ, ಇಲ್ಲಿ ಭರ್ಜರಿ ಅಂಕ ಗಳಿಸುತ್ತದೆ.

ಈಗ ಉಳಿಕೆಗಳನ್ನೇ ಬಿಡಿಸಿ ನೋಡೋಣ. ಅತಿ ಕಡಿಮೆ ಎತ್ತರದ, 58 ಇಂಚಿನ ಸಾಲಿನಲ್ಲಿ ಉಳಿಕೆ +2.4 ಪೌಂಡ್. ಅಲ್ಲಿಂದ ಮುಂದೆ +1.0, +0.5, +0.1. 62 ಇಂಚಿಗೆ ಬಂದಾಗ ಅದು ಋಣವಾಗುತ್ತದೆ, ಮುಂದಿನ ಏಳು ಸಾಲುಗಳಲ್ಲೂ ಋಣವಾಗಿಯೇ ಉಳಿಯುತ್ತದೆ. ನಡುವೆ ಒಂದು ಕಡೆ -1.7ರವರೆಗೂ ಇಳಿಯುತ್ತದೆ. 70 ಇಂಚಿನಲ್ಲಿ ಸೊನ್ನೆಯನ್ನು ದಾಟಿ ಮತ್ತೆ ಧನ, ಕೊನೆಗೆ +1.6 ಮತ್ತು +3.1. ಅಂದರೆ ನಾಲ್ಕು ಧನ, ಎಂಟು ಋಣ, ಮೂರು ಧನ. ರೇಖೆ ಸರಿಯಾಗಿದ್ದು, ಉಳಿದದ್ದೆಲ್ಲ ಆಕಸ್ಮಿಕ ಏರುಪೇರಾಗಿದ್ದರೆ ಹದಿನೈದು ಉಳಿಕೆಗಳಲ್ಲಿ ಚಿಹ್ನೆ ಸುಮಾರು ಏಳು ಸಲ ಬದಲಾಗಬೇಕಿತ್ತು. ಇಲ್ಲಿ ಬದಲಾದದ್ದು ಎರಡೇ ಸಲ. `plot(women$height, resid(m1))` ಎಂದು ಬರೆದು ಚಿತ್ರ ತೆಗೆದರೆ ಸ್ಪಷ್ಟವಾದ ಒಂದು ಬಟ್ಟಲಿನ ಆಕಾರ ಕಾಣುತ್ತದೆ. ತೂಕವು ಎತ್ತರದೊಂದಿಗೆ ಸಮಗತಿಯಲ್ಲಿ ಏರುತ್ತಿಲ್ಲ, ಮೇಲೆ ಹೋದಂತೆ ಏರಿಕೆ ಚುರುಕಾಗುತ್ತಿದೆ. ಈ ಮಾತನ್ನು ದತ್ತಾಂಶ ಕೂಗಿ ಹೇಳುತ್ತಿದ್ದರೂ 0.991ರೊಳಗೆ ಅದು ಕೇಳಿಸುವುದಿಲ್ಲ. ಉಳಿಕೆಗಳನ್ನು ವರ್ಗ ಮಾಡಿದಾಗ ಚಿಹ್ನೆ ಹೋಯಿತು, ಕೂಡಿಸಿದಾಗ ಕ್ರಮವೂ ಹೋಯಿತು. ಮಾದರಿ ಎಲ್ಲಿ ತಪ್ಪಿದೆ ಎಂದು ಹೇಳುವ ಎರಡು ಸುಳಿವುಗಳೂ ಅಳಿಸಿಹೋದವು.

ಎತ್ತರದ ವರ್ಗವನ್ನೂ ಮಾದರಿಗೆ ಸೇರಿಸಿದರೆ ಆರ್-ಸ್ಕ್ವೇರ್ 0.991ರಿಂದ 0.9995ಕ್ಕೆ ಹೋಗುತ್ತದೆ. ಇದು ನಗಣ್ಯ ಸುಧಾರಣೆ ಎನ್ನಿಸುತ್ತದೆ. ಆದರೆ `summary` ಕೊಡುವ ಇನ್ನೊಂದು ಅಂಕಿ, `Residual standard error`, 1.525 ಪೌಂಡಿನಿಂದ 0.384 ಪೌಂಡಿಗೆ ಇಳಿಯುತ್ತದೆ. ಅಂದಾಜಿನ ತಪ್ಪು ನಾಲ್ಕನೇ ಒಂದು ಭಾಗವಾಯಿತು! ಈ ಅಂಕಿ ಪೌಂಡಿನಲ್ಲಿರುವುದರಿಂದ ಅದರ ಗುಣವೇನೆಂದು ಯಾರು ಬೇಕಾದರೂ ನಿರ್ಧರಿಸಬಹುದು. ಬರೇ ಆರ್-ಸ್ಕ್ವೇರ್ ಕೊಟ್ಟು ಇದನ್ನು ಕೊಡದ ವರದಿ ನನಗೆ ಅರ್ಧ ವರದಿ.

ಹಾಗಾದರೆ 0.9995 ಬಂದ ಮಾದರಿಯನ್ನಾದರೂ ನಂಬಬಹುದೆ? 58ರಿಂದ 72 ಇಂಚಿನೊಳಗೆ ಧಾರಾಳವಾಗಿ ನಂಬಬಹುದು. ಅದರ ಸಮೀಕರಣ ಹೀಗಿದೆ:

```
weight = 261.88 - 7.348*height + 0.08306*height^2
```

ಇದರಲ್ಲಿ 30 ಇಂಚು ಹಾಕಿ ನೋಡಿ. 116 ಪೌಂಡ್ ಎನ್ನುತ್ತದೆ. 58 ಇಂಚಿನ ಮಹಿಳೆಯ 115 ಪೌಂಡಿಗಿಂತ ಹೆಚ್ಚು! ಈ ವಕ್ರರೇಖೆ ಸುಮಾರು 44 ಇಂಚಿನಲ್ಲಿ ತಳ ಮುಟ್ಟಿ, ಅದಕ್ಕಿಂತ ಕೆಳಗೆ ಮತ್ತೆ ಏರುತ್ತದೆ. ಮೊದಲಿನ ಸರಳರೇಖೆಯಂತೂ 25 ಇಂಚಿಗೆ ಋಣ ತೂಕ ಹೇಳುತ್ತದೆ. ದತ್ತಾಂಶ ಇಲ್ಲದ ಜಾಗದ ಬಗ್ಗೆ ಆರ್-ಸ್ಕ್ವೇರ್‌ಗೆ ಏನೂ ತಿಳಿಯದು. ಅದು ಮುಂದಿನ ವರ್ಷದ ಬೇಡಿಕೆ, ಮುಂದಿನ ದಶಕದ ಜನಸಂಖ್ಯೆ ಎಂದೆಲ್ಲ ಭವಿಷ್ಯ ಹೇಳುವವರು ಮೊದಲು ನೆನಪಿಡಬೇಕಾದ ಸಂಗತಿ.

ಇನ್ನೊಂದು ವಿಷಯವಿದೆ, ನನ್ನ ಅನುಭವದಲ್ಲಿ ಇದನ್ನು ಕೇಳುವವರೇ ಕಡಿಮೆ. ಈ ಕೋಷ್ಟಕದಲ್ಲಿ ಇರುವುದು ಹದಿನೈದು ಮಹಿಳೆಯರಲ್ಲ, ಹದಿನೈದು ಸರಾಸರಿಗಳು. ಒಂದೇ ಎತ್ತರದ ಮಹಿಳೆಯರ ನಡುವೆ ಇರುವ ತೂಕದ ವ್ಯತ್ಯಾಸವನ್ನು ಸರಾಸರಿ ಮೊದಲೇ ಒರೆಸಿಹಾಕಿದೆ. ಒಂದು ಲೆಕ್ಕಕ್ಕಾಗಿ, ಪ್ರತಿ ಎತ್ತರದಲ್ಲೂ ವ್ಯಕ್ತಿಗಳ ತೂಕದ ಮಾನಕ ವಿಚಲನೆ 20 ಪೌಂಡ್ ಎಂದೂ ಪ್ರತಿ ಎತ್ತರದಲ್ಲೂ ಸಮಾನ ಸಂಖ್ಯೆಯ ಜನರಿದ್ದಾರೆಂದೂ ಇಟ್ಟುಕೊಳ್ಳೋಣ. ಸರಾಸರಿಗಳ ನಡುವಿನ ವೇರಿಯನ್ಸ್ 3363ನ್ನು 15ರಿಂದ ಭಾಗಿಸಿದರೆ ಬರುವ 224. ವ್ಯಕ್ತಿಗಳದ್ದು 20ರ ವರ್ಗ, ಅಂದರೆ 400. ಒಟ್ಟು 624. ರೇಖೆ ವಿವರಿಸುವುದು ಇದರಲ್ಲಿ ಮೊದಲಿನ 224ರ ಶೇ. 99ನ್ನು ಮಾತ್ರ, ಅಂದರೆ ಸುಮಾರು 222. ಆರ್-ಸ್ಕ್ವೇರ್ 0.36ಕ್ಕೆ ಕುಸಿಯುತ್ತದೆ. ರೇಖೆ ಅದೇ, ಇಂಚಿಗೆ 3.45 ಪೌಂಡ್ ಎಂಬ ಇಳಿಜಾರೂ ಅದೇ. ಬದಲಾದದ್ದು ಅಂಕಿಗಳನ್ನು ಕಲೆಹಾಕಿದ ರೀತಿ. ಜಿಲ್ಲಾವಾರು, ತಾಲ್ಲೂಕುವಾರು ಸರಾಸರಿಗಳ ಮೇಲೆ ರಿಗ್ರೆಷನ್ ಮಾಡಿ ಬಂದ ದೊಡ್ಡ ಆರ್-ಸ್ಕ್ವೇರನ್ನು ಹಿಡಿದು ವ್ಯಕ್ತಿಗಳ ಬಗ್ಗೆ ಮಾತನಾಡುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಲಿ. ಹಾಗೆಯೇ 0.36 ಬಂದಿತೆಂದು ಒಳ್ಳೆಯ ಮಾದರಿಯನ್ನು ಎಸೆಯುವುದೂ ತಪ್ಪು. ಮನುಷ್ಯರು ಒಬ್ಬರಂತೆ ಒಬ್ಬರಿಲ್ಲ ಎಂಬುದನ್ನಷ್ಟೇ ಅದು ತಿಳಿಸುತ್ತಿರಬಹುದು.

ಇನ್ನು ಅಡ್ಜಸ್ಟೆಡ್ ಆರ್-ಸ್ಕ್ವೇರ್. ಅದು ಹುಟ್ಟಿದ್ದು ಬೇರೊಂದು ತೊಂದರೆಗೆ. ಮಾದರಿಗೆ ಹೊಸ ಚಲಕವೊಂದನ್ನು ಸೇರಿಸಿದರೆ ಆರ್-ಸ್ಕ್ವೇರ್ ಎಂದಿಗೂ ಇಳಿಯುವುದಿಲ್ಲ. ಆ ಚಲಕ ನಿರುಪಯೋಗಿಯಾದರೆ ಅದರ ಗುಣಾಂಕವನ್ನು ಸೊನ್ನೆ ಮಾಡುವ ಸ್ವಾತಂತ್ರ್ಯ ಲೆಕ್ಕಕ್ಕೆ ಇದ್ದೇ ಇದೆ. ಹಾಗಾಗಿ ತಪ್ಪು ಹೆಚ್ಚಾಗಲು ದಾರಿಯೇ ಇಲ್ಲ. ಆಕಸ್ಮಿಕವಾಗಿ ಒಂದಿಷ್ಟು ಹೊಂದಿಕೆ ಸಿಕ್ಕೇ ಸಿಗುತ್ತದೆ. ಹದಿನೈದು ಸಾಲುಗಳಿಗೆ ಏಳು ಕಾಲಂ ಅರ್ಥವಿಲ್ಲದ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿ ರಿಗ್ರೆಷನ್ ಮಾಡಿದರೆ ಆರ್-ಸ್ಕ್ವೇರ್ ಸರಾಸರಿ 0.5 ಬರುತ್ತದೆ. ಹದಿನಾಲ್ಕು ಕಾಲಂ ಹಾಕಿದರೆ ಸರಿಯಾಗಿ 1! ಇದಕ್ಕೆ ಕಡಿವಾಣ ಹಾಕಲು ಸೂತ್ರ ಹೀಗೆ ಬದಲಾಗುತ್ತದೆ:

```
1 - (1 - R²) × (n - 1) / (n - k - 1)
```

`n` ಸಾಲುಗಳ ಸಂಖ್ಯೆ, `k` ಚಲಕಗಳ ಸಂಖ್ಯೆ. ನಮ್ಮ ಸರಳರೇಖೆಗೆ 0.00899ನ್ನು 14ರಿಂದ ಗುಣಿಸಿ 13ರಿಂದ ಭಾಗಿಸಿ, ಒಂದರಿಂದ ಕಳೆದರೆ 0.9903. ಚಲಕ ಹೆಚ್ಚಾದಂತೆ ಛೇದ ಚಿಕ್ಕದಾಗಿ ದಂಡ ಏರುತ್ತದೆ. ಬರೀ ಗದ್ದಲದ ಕಾಲಂಗಳಿಗೆ ಇದರ ಸರಾಸರಿ ಬೆಲೆ ಸೊನ್ನೆ. ಕೆಲವೊಮ್ಮೆ ಋಣವೂ ಆಗಬಹುದು, ಆಗ ಗಾಬರಿಯಾಗಬೇಕಿಲ್ಲ.

ಈ ದಂಡ ಎಷ್ಟು ಕಠಿಣ ಎಂಬುದು ಮುಖ್ಯ. ಹೊಸ ಚಲಕದ `t value`, ಅಂದರೆ ಅದರ ಗುಣಾಂಕವನ್ನು ಆ ಗುಣಾಂಕದ ಮಾನಕ ದೋಷದಿಂದ ಭಾಗಿಸಿದ ಬೆಲೆ, ಧನವೋ ಋಣವೋ, ಗಾತ್ರದಲ್ಲಿ 1ನ್ನು ಮೀರಿದರೆ ಸಾಕು, ಅಡ್ಜಸ್ಟೆಡ್ ಬೆಲೆ ಏರುತ್ತದೆ. ಚಲಕವೊಂದು ಮುಖ್ಯವೆಂದು ಒಪ್ಪಲು ನಾವು ಸಾಮಾನ್ಯವಾಗಿ ಕೇಳುವುದು 2ರ ಆಸುಪಾಸು. ಅಂದರೆ ಏನೂ ಸಂಬಂಧವಿಲ್ಲದ ಚಲಕವೂ ಸುಮಾರು ಮೂರರಲ್ಲಿ ಒಂದು ಸಲ ಈ ಬೆಲೆಯನ್ನು ಏರಿಸುತ್ತದೆ. ಐವತ್ತು ಕಾಲಂಗಳಲ್ಲಿ ಹುಡುಕಿ, ಚೆನ್ನಾಗಿ ಹೊಂದಿದ ಮೂರನ್ನು ಇಟ್ಟುಕೊಂಡರೆ ಸೂತ್ರದಲ್ಲಿ `k` ಮೂರೇ. ಕೈಬಿಟ್ಟ ನಲವತ್ತೇಳರ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ. ಮಾದರಿ ಕಟ್ಟುವಾಗ ಮುಟ್ಟದೆ ಎತ್ತಿಟ್ಟ ಸಾಲುಗಳ ಮೇಲೆ ಅಂದಾಜನ್ನು ಪರೀಕ್ಷಿಸಿದಾಗ ಮಾತ್ರ ಇಂಥ ಹೊಂದಿಕೆ ಬಯಲಾಗುತ್ತದೆ. ಬಟ್ಟಲಿನ ಆಕಾರದ ಉಳಿಕೆಯ ವಿಷಯದಲ್ಲಂತೂ ಅಡ್ಜಸ್ಟೆಡ್ ಬೆಲೆಯಿಂದ ಯಾವ ಸಹಾಯವೂ ಇಲ್ಲ. 0.991 ಇದ್ದದ್ದು 0.9903 ಆಯಿತು, ಅಷ್ಟೇ.

ಕಾಲದೊಂದಿಗೆ ಸಾಗುವ ಅಂಕಿಗಳಲ್ಲಿ ಮೋಸ ಇನ್ನೂ ಆಳ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲಿ ಒಂದು ಉದಾಹರಣೆ ಕೊಟ್ಟರು. 1866ರಿಂದ 1911ರವರೆಗೆ ಒಟ್ಟು ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದ ಮದುವೆಗಳ ಪಾಲು ಒಂದು ಕಡೆ, ಅದೇ ವರ್ಷಗಳ ಮರಣ ದರ ಇನ್ನೊಂದು ಕಡೆ. ಎರಡರ ನಡುವಿನ ಸಹಸಂಬಂಧ 0.95. ವರ್ಗ ಮಾಡಿದರೆ ಆರ್-ಸ್ಕ್ವೇರ್ 0.90. ಚರ್ಚಿನಲ್ಲಿ ಮದುವೆಯಾಗುವುದನ್ನು ನಿಲ್ಲಿಸಿದರೆ ಸಾವು ಕಡಿಮೆಯಾಗುತ್ತದೆ ಎಂದು ಯಾರೂ ಒಪ್ಪುವುದಿಲ್ಲ. ಆ ಅವಧಿಯಲ್ಲಿ ಎರಡೂ ತಮ್ಮ ತಮ್ಮ ಕಾರಣಗಳಿಗೆ ಇಳಿಯುತ್ತಿದ್ದವು, ಅಷ್ಟೇ. ಆದರೆ ಮದುವೆಯ ಜಾಗದಲ್ಲಿ ಜಾಹೀರಾತು ವೆಚ್ಚ, ಸಾವಿನ ಜಾಗದಲ್ಲಿ ಮಾರಾಟ ಇದ್ದಿದ್ದರೆ ಇದೇ 0.90ನ್ನು ನಾವು ಸಭೆಯಲ್ಲಿ ತಲೆದೂಗಿ ಒಪ್ಪುತ್ತೇವೆ. ಅಂಥ ಕಡೆ ಮಾಡಬಹುದಾದ ಸುಲಭದ ಪರೀಕ್ಷೆಯೊಂದಿದೆ: ಮಟ್ಟಗಳನ್ನು ಬಿಟ್ಟು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಗಳನ್ನು ತೆಗೆದುಕೊಂಡು ಅದೇ ರಿಗ್ರೆಷನ್ ಮತ್ತೆ ಮಾಡುವುದು. ಜಾಹೀರಾತು ಹೆಚ್ಚಿದ ವರ್ಷ ಮಾರಾಟವೂ ಹೆಚ್ಚಿತೇ, ತಗ್ಗಿದ ವರ್ಷ ತಗ್ಗಿತೇ ಎಂದು ಅದು ಕೇಳುತ್ತದೆ. ಎರಡೂ ಒಂದೇ ದಿಕ್ಕಿಗೆ ಸಾಗಿದ್ದರಿಂದಷ್ಟೇ ಬಂದ 0.90 ಆಗ ಸಾಮಾನ್ಯವಾಗಿ ಸೊನ್ನೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ.