ಎಂಟು ಜನರ ಕ್ಲಾಸಿಗೆ ಬೆಲ್ ಕರ್ವ್ ಯಾಕೆ?

ನಮಸ್ಕಾರ. ನೂರಕ್ಕೆ 82 ಮಾರ್ಕ್ಸ್ ತೆಗೆದ ಹುಡುಗಿಗೆ ಇ ಗ್ರೇಡ್ ಬರಬಹುದಾ? ಪಾಸಾದವರಿಗೆ ಸಿಗುವ ಗ್ರೇಡುಗಳಲ್ಲೇ ಕಟ್ಟಕಡೆಯದು? ಬರಬಹುದು. ಪೇಪರ್ ತಿದ್ದಿದವರು ಎಡವಿಲ್ಲ, ಪರೀಕ್ಷಾ ವಿಭಾಗದವರು ತಪ್ಪು ಎಂಟ್ರಿ ಮಾಡಿಲ್ಲ. ಎಲ್ಲರೂ ನಿಯಮ ಪಾಲಿಸಿದ್ದಾರೆ. ಆ ನಿಯಮದ ಮೇಲೆಯೇ ನನ್ನ ತಕರಾರು. ಇವತ್ತು ಅದನ್ನು ಲೆಕ್ಕ ಸಮೇತ ನಿಮ್ಮ ಮುಂದೆ ಇಡುತ್ತೇನೆ.

ಗ್ರೇಡ್ ಕೊಡುವುದಕ್ಕೆ ಎರಡು ದಾರಿಗಳಿವೆ. ಒಂದು, 90 ಬಂದರೆ ಇಂಥ ಗ್ರೇಡ್, 80 ಬಂದರೆ ಇಂಥದ್ದು ಅಂತ ಮೊದಲೇ ಹೇಳಿಬಿಡುವುದು. ಇನ್ನೊಂದು ರಿಲೇಟಿವ್ ಗ್ರೇಡಿಂಗ್. ಇಲ್ಲಿ ನಿಮ್ಮ ಮಾರ್ಕ್ಸ್ ಎಷ್ಟು ಅನ್ನುವುದಕ್ಕಿಂತ, ಕ್ಲಾಸಿನ ಉಳಿದವರಿಗೆ ಹೋಲಿಸಿದರೆ ನೀವು ಎಲ್ಲಿದ್ದೀರಿ ಅನ್ನುವುದು ಮುಖ್ಯ. ವಿದ್ಯಾರ್ಥಿಗಳೇ ಕೋರ್ಸ್ ಆರಿಸಿಕೊಳ್ಳುವ ಸಿಬಿಸಿಎಸ್ ಪದ್ಧತಿಗೆ ಯುಜಿಸಿ ಕೊಟ್ಟ ಮಾರ್ಗಸೂಚಿ ಎರಡನ್ನೂ ಹೇಳುತ್ತದೆ. ಎಷ್ಟೋ ಆಟೊನಮಸ್ ಕಾಲೇಜುಗಳು, ಡೀಮ್ಡ್ ಯೂನಿವರ್ಸಿಟಿಗಳು ಎರಡನೆಯ ದಾರಿ ಹಿಡಿದಿವೆ.

ಅದರಲ್ಲಿ ಬಹಳ ಕಡೆ ಕಾಣುವ ಪದ್ಧತಿಯನ್ನೇ ಬೆಲ್ ಕರ್ವ್ ಅನ್ನುವುದು: ಹೆಚ್ಚಿನವರು ನಡುವೆ, ಕೆಲವರು ಮೇಲೆ, ಕೆಲವರು ಕೆಳಗೆ ಇರುವ, ಗಂಟೆಯ ಆಕಾರದ ಗೆರೆ. ಲೆಕ್ಕ ಹೀಗಿದೆ. ಕ್ಲಾಸಿನ ಸರಾಸರಿ ತೆಗೆಯುತ್ತಾರೆ. ಆಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಮಾರ್ಕ್ಸ್ ಸರಾಸರಿಯಿಂದ ಆಚೀಚೆ ಎಷ್ಟು ಹರಡಿಕೊಂಡಿವೆ ಅನ್ನುವ ಅಳತೆ. ಅದನ್ನು ಸಿಗ್ಮಾ ಅನ್ನೋಣ. ಸರಾಸರಿಗಿಂತ ಒಂದೂವರೆ ಸಿಗ್ಮಾ ಅಥವಾ ಅದಕ್ಕೂ ಮೇಲಿದ್ದರೆ ಎಸ್ ಗ್ರೇಡ್, ಹತ್ತು ಪಾಯಿಂಟ್. ಅರ್ಧ ಸಿಗ್ಮಾ ಮೇಲಿದ್ದರೆ ಎ. ಸರಾಸರಿಯ ಆಚೀಚೆ ಅರ್ಧ ಸಿಗ್ಮಾ ಒಳಗೆ ಬಿ. ಅಲ್ಲಿಂದ ಕೆಳಗೆ ಅರ್ಧರ್ಧ ಸಿಗ್ಮಾ ಇಳಿದ ಹಾಗೆ ಸಿ, ಡಿ, ಇ. ಇ ಅಂದರೆ ಐದು ಪಾಯಿಂಟ್. ಎರಡು ಸಿಗ್ಮಾಗಿಂತ ಕೆಳಗೆ ಹೋದರೆ ಫೇಲ್. ಕೆಲವು ಕಡೆ ಫೇಲ್ ಗೆರೆಯನ್ನು ಮಾತ್ರ ಬೇರೆ ಇಟ್ಟಿರುತ್ತಾರೆ, ಅಕ್ಷರಗಳ ಹೆಸರೂ ಬೇರೆ ಇರಬಹುದು. ಲೆಕ್ಕದ ದಾರಿ ಮಾತ್ರ ಇದೇ.

ಈಗ ಏಳನೇ ಸೆಮಿಸ್ಟರ್‌ನ ಒಂದು ಎಲೆಕ್ಟಿವ್ ತಗೊಳ್ಳೋಣ. ಕಷ್ಟದ ವಿಷಯ, ಎಂಟೇ ಜನ ಸೇರಿದ್ದಾರೆ. ಆಸಕ್ತಿ ಇದ್ದವರೇ ಬಂದಿದ್ದಾರೆ, ಚೆನ್ನಾಗಿ ಓದಿದ್ದಾರೆ. ಮಾರ್ಕ್ಸ್ ಹೀಗೆ ಬಂದಿವೆ ಅಂದುಕೊಳ್ಳಿ: 94, 92, 91, 90, 89, 88, 86, 82. ಯಾವ ಮೇಷ್ಟ್ರಾದರೂ ಖುಷಿಪಡುವ ಪಟ್ಟಿ ಇದು. ಸರಾಸರಿ 89. ಸಿಗ್ಮಾ ಮೂರೂವರೆ.

ಗೆರೆ ಎಳೆಯೋಣ. ಎಸ್ ಬೇಕಾದರೆ 89ಕ್ಕೆ ಐದೂಕಾಲು ಸೇರಿಸಬೇಕು, 94.25. ಮೊದಲನೆಯವನ ಮಾರ್ಕ್ಸ್ 94. ಕಾಲು ಮಾರ್ಕಿಗೆ ಎಸ್ ತಪ್ಪಿತು. ಅಂದರೆ ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ಎಸ್ ಇಲ್ಲ. 94, 92, 91 ತೆಗೆದವರಿಗೆ ಎ. 90, 89, 88ಕ್ಕೆ ಬಿ. 86ಕ್ಕೆ ಸಿ. ಇನ್ನು 82? ಸರಾಸರಿಯಿಂದ ಎರಡು ಸಿಗ್ಮಾ ಕೆಳಗೆ ಹೋದರೆ ಸರಿಯಾಗಿ 82. ಆ ಹುಡುಗಿ ನಿಂತಿರುವುದು ಆ ಗೆರೆಯ ಮೇಲೆಯೇ. ಇ ಗ್ರೇಡ್. ಸಿಗ್ಮಾ ಅಷ್ಟೇ ಇದ್ದು ಸರಾಸರಿ ಅರ್ಧ ಮಾರ್ಕ್ ಮೇಲೆ ಹೋಗಿದ್ದರೂ ನಿಯಮ ಅವಳನ್ನು ಫೇಲ್ ಅನ್ನುವ ಹಂತಕ್ಕೆ ತಂದು ನಿಲ್ಲಿಸುತ್ತಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ 82ರ ಹುಡುಗಿ ಸೆಮಿಸ್ಟರ್ ನಡುವೆ ಈ ವಿಷಯವನ್ನೇ ಬಿಟ್ಟಿದ್ದಳು ಅಂದುಕೊಳ್ಳಿ. ಉಳಿದ ಏಳು ಜನರ ಉತ್ತರ ಪತ್ರಿಕೆಯಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಅವರ ಮಾರ್ಕ್ಸೂ ಅವೇ. ಸರಾಸರಿ ಮಾತ್ರ 90ಕ್ಕೆ ಏರುತ್ತದೆ, ಸಿಗ್ಮಾ ಸುಮಾರು 2.45ಕ್ಕೆ ಇಳಿಯುತ್ತದೆ. ಈಗ 94 ತೆಗೆದವನಿಗೆ ಎಸ್ ಬಂತು. 91 ತೆಗೆದವಳು ಎ ಇಂದ ಬಿಗೆ ಇಳಿದಳು. 88 ತೆಗೆದವನು ಬಿ ಇಂದ ಸಿಗೆ. 86 ತೆಗೆದವನು ಸಿ ಇಂದ ನೇರವಾಗಿ ಇಗೆ. ಅವನ ಎರಡು ಗ್ರೇಡ್ ಪಾಯಿಂಟ್ ಹೋಯಿತು. ಯಾಕೆ? ಪಕ್ಕದ ಬೆಂಚಿನವಳು ಕೋರ್ಸ್ ಬಿಟ್ಟಳು, ಅಷ್ಟೇ. ಅವನಿಗೆ ವಿಷಯ ಎಷ್ಟು ಗೊತ್ತಿತ್ತೋ ಈಗಲೂ ಅಷ್ಟೇ ಗೊತ್ತಿದೆ, ಅಲ್ವಾ? ಮತ್ತೆ ಆ ಗ್ರೇಡ್ ಅಳೆದದ್ದಾದರೂ ಏನನ್ನು?

ಸಣ್ಣ ಕ್ಲಾಸಿನಲ್ಲಿ ಒಬ್ಬರು ಬಂದರೂ ಹೋದರೂ ಎಲ್ಲರ ಗೆರೆ ಅಲುಗಾಡುತ್ತದೆ. ಇನ್ನೂರು ಜನರ ಕ್ಲಾಸಿನಲ್ಲಿ ಒಬ್ಬ ಬಿಟ್ಟುಹೋದರೆ ಸರಾಸರಿಗೆ ಗೊತ್ತೇ ಆಗುವುದಿಲ್ಲ. ಸಿಗ್ಮಾ ಅನ್ನುವುದು ಒಂದು ಅಂದಾಜು. ಇನ್ನೂರು ಜನರಿಂದ ತೆಗೆದಾಗ ಅದು ಸಾಮಾನ್ಯವಾಗಿ ಶೇಕಡಾ ಐದರಷ್ಟು ಆಚೀಚೆ ಇರುತ್ತದೆ. ಎಂಟು ಜನರಿಂದ ತೆಗೆದಾಗ ಶೇಕಡಾ ಇಪ್ಪತ್ತೈದಕ್ಕೂ ಜಾಸ್ತಿ. ಅಷ್ಟು ಓಲಾಡುವ ಅಳತೆಗೋಲು ಹಿಡಿದು ನಾವು ಕಾಲು ಮಾರ್ಕಿಗೆ ಗ್ರೇಡ್ ಕತ್ತರಿಸುತ್ತಿದ್ದೇವೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕೆಲವು ಕ್ಲಾಸುಗಳಲ್ಲಿ ಎಸ್ ಗ್ರೇಡ್ ತೆಗೆಯುವುದು ಗಣಿತದ ಪ್ರಕಾರವೇ ಅಸಾಧ್ಯ. ಮೂರೇ ಜನರ ಕ್ಲಾಸು ತಗೊಳ್ಳಿ. ಒಬ್ಬಳಿಗೆ ನೂರಕ್ಕೆ ನೂರು, ಉಳಿದ ಇಬ್ಬರಿಗೆ ಸೊನ್ನೆ. ಇದಕ್ಕಿಂತ ದೊಡ್ಡ ಅಂತರ ಸಾಧ್ಯವೇ ಇಲ್ಲ. ಸರಾಸರಿ 33.3, ಸಿಗ್ಮಾ 47.1. ಎಸ್ ಗೆರೆ ಎಲ್ಲಿ ಬೀಳುತ್ತದೆ ಗೊತ್ತಾ? 104ಕ್ಕೆ. ನೂರಕ್ಕೆ 104 ತೆಗೆಯಬೇಕು! ಅದೇ ರೀತಿ ಎಂಟು ಜನರಲ್ಲಿ ಮೂವರಿಗೆ ಎಸ್ ಬರುವುದು ಯಾವ ಮಾರ್ಕ್ಸ್ ಹಾಕಿ ನೋಡಿದರೂ ಆಗುವುದಿಲ್ಲ. ಕ್ಲಾಸು ಎಷ್ಟೇ ದೊಡ್ಡದಿರಲಿ, ಈ ನಿಯಮದಲ್ಲಿ ಸುಮಾರು ಶೇಕಡಾ 31ಕ್ಕಿಂತ ಜಾಸ್ತಿ ಜನರಿಗೆ ಎಸ್ ಕೊಡಲು ಬರುವುದಿಲ್ಲ. ಪರೀಕ್ಷೆ ಬರೆಯುವ ಮೊದಲೇ ಅದು ತೀರ್ಮಾನವಾಗಿರುತ್ತದೆ.

ಹಾಗಾದರೆ ಬೆಲ್ ಕರ್ವ್ ಯಾಕೆ ಬಂತು? ಅದಕ್ಕೂ ಒಂದು ನ್ಯಾಯವಾದ ಕಾರಣ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೊದಲನೇ ವರ್ಷದ ಮ್ಯಾಥ್ಸ್‌ನಲ್ಲಿ ಆರುನೂರು ಜನ ಇರುತ್ತಾರೆ. ಒಂದು ವರ್ಷ ಪೇಪರ್ ವಿಪರೀತ ಕಷ್ಟ ಬಂತು, ಸರಾಸರಿ 41ಕ್ಕೆ ಬಿತ್ತು. ಅದರ ಹಿಂದಿನ ವರ್ಷ 63 ಇತ್ತು. ಎರಡೂ ವರ್ಷದ ಮಕ್ಕಳು ಹೆಚ್ಚುಕಡಿಮೆ ಒಂದೇ ಮಟ್ಟದವರು, ಒಂದೇ ರೀತಿಯ ಸೀಟು ಹಂಚಿಕೆಯಲ್ಲಿ ಬಂದವರು. ಇಲ್ಲಿ ಸರಾಸರಿ ಬಿದ್ದಿದ್ದರೆ ತಪ್ಪು ಪೇಪರಿನದು ಅಂತ ನಂಬಬಹುದು. ಗೆರೆಯನ್ನು ಕೆಳಗೆ ಸರಿಸಿದರೆ ಅದು ನ್ಯಾಯ. ಬೆಲ್ ಕರ್ವ್ ಒಳಗೆ ಅಡಗಿರುವ ನಂಬಿಕೆ ಅದೇ: ಪ್ರತಿ ಕ್ಲಾಸಿನಲ್ಲೂ ಎಲ್ಲ ಥರದ ಮಕ್ಕಳು ಒಂದೇ ಪ್ರಮಾಣದಲ್ಲಿ ಇರುತ್ತಾರೆ, ಹಾಗಾಗಿ ಸರಾಸರಿ ಬದಲಾದರೆ ಕಾರಣ ಪ್ರಶ್ನೆಪತ್ರಿಕೆ, ಮಕ್ಕಳಲ್ಲ.

ಎಲೆಕ್ಟಿವ್ ಕ್ಲಾಸಿನಲ್ಲಿ ಆ ನಂಬಿಕೆ ಬುಡದಲ್ಲೇ ಸುಳ್ಳು. ಅಲ್ಲಿ ಯಾರೂ ಲಾಟರಿ ಎತ್ತಿ ಬಂದಿಲ್ಲ. ಕಷ್ಟ ಅಂತ ಗೊತ್ತಿದ್ದವರು ಮೊದಲೇ ದೂರ ಸರಿದಿದ್ದಾರೆ. ಉಳಿದವರು ಗಟ್ಟಿಗರು. ಅವರ ಮಾರ್ಕ್ಸ್ ಮೇಲುಗಡೆ ಗುಂಪಾಗಿ ಕೂರುವುದು ಸಹಜ. ಗಂಟೆಯ ಆಕಾರ ಅಲ್ಲಿ ಇಲ್ಲವೇ ಇಲ್ಲ. ಇಲ್ಲದ ಗಂಟೆಯನ್ನು ನಾವು ಬಲವಂತವಾಗಿ ಮಾಡುತ್ತೇವೆ, ಅದಕ್ಕೋಸ್ಕರ ಯಾರನ್ನಾದರೂ ಕೆಳಗೆ ತಳ್ಳಲೇಬೇಕಾಗುತ್ತದೆ.

ಮಾರ್ಕ್ಸ್ ಗುಂಪಾಗಿ ಕೂತಾಗ ಇನ್ನೊಂದು ತೊಂದರೆ. ನಮ್ಮ ಉದಾಹರಣೆಯಲ್ಲಿ ಅರ್ಧ ಸಿಗ್ಮಾ ಅಂದರೆ ಒಂದೂಮುಕ್ಕಾಲು ಮಾರ್ಕ್. ಬಿ ಇಂದ ಕೆಳಗೆ ಅಷ್ಟರಲ್ಲಿ ಒಂದು ಗ್ರೇಡ್ ಬದಲಾಗುತ್ತದೆ. ಹತ್ತು ಮಾರ್ಕಿನ ಪ್ರಶ್ನೆಗೆ ಒಬ್ಬರು ಏಳು ಕೊಟ್ಟರೆ ಇನ್ನೊಬ್ಬರು ಎಂಟೂವರೆ ಕೊಡುತ್ತಾರೆ. ಪೇಪರ್ ತಿದ್ದಿದ ಯಾರನ್ನು ಬೇಕಾದರೂ ಕೇಳಿ. ಲ್ಯಾಬ್ ರೆಕಾರ್ಡ್ ಒಂದು ದಿನ ತಡವಾದದ್ದಕ್ಕೆ ಒಂದು ಮಾರ್ಕ್ ಹೋಗಿರುತ್ತದೆ. ಕರ್ವ್ ಇಂಥ ಸಣ್ಣಪುಟ್ಟದ್ದನ್ನೆಲ್ಲ ಹಿಗ್ಗಿಸಿ, ಕಲಿಕೆಯ ವ್ಯತ್ಯಾಸ ಅಂತ ಮಾರ್ಕ್ಸ್ ಕಾರ್ಡಿನಲ್ಲಿ ಅಚ್ಚು ಹಾಕಿಸುತ್ತದೆ.

ಇದರ ಪಕ್ಕಕ್ಕೆ ಬೇರೊಂದು ಕ್ಲಾಸನ್ನು ಇಟ್ಟು ನೋಡಿ. ಅಲ್ಲಿ ಸರಾಸರಿ 52, ಸಿಗ್ಮಾ 12. ಅಲ್ಲಿ 70 ತೆಗೆದರೆ ಎಸ್, 58 ತೆಗೆದರೆ ಎ. ಇಲ್ಲಿ 90 ತೆಗೆದವನಿಗೆ ಬಿ. ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿ ಇದ್ಯಾವುದನ್ನೂ ನೋಡುವುದಿಲ್ಲ. ಸಿಜಿಪಿಎ ಇಷ್ಟಿದ್ದರೆ ಕೂರಬಹುದು, ಇಲ್ಲದಿದ್ದರೆ ಇಲ್ಲ ಅನ್ನುತ್ತದೆ. ಕ್ಲಾಸಿನ ಸರಾಸರಿ ಎಷ್ಟಿತ್ತು ಅಂತ ಮಾರ್ಕ್ಸ್ ಕಾರ್ಡಿನಲ್ಲಿ ಬರೆದಿರದಿದ್ದರೆ ಅದು ಯಾರಿಗೆ ಗೊತ್ತಾಗಬೇಕು?

ಮಕ್ಕಳು ದಡ್ಡರಲ್ಲ. ಇದು ಅವರಿಗೆ ಬೇಗ ಅರ್ಥವಾಗುತ್ತದೆ. ಸೀನಿಯರ್‌ಗಳೇ ಹೇಳಿಕೊಡುತ್ತಾರೆ: ಟಾಪರ್‌ಗಳು ಹೋಗುವ ಎಲೆಕ್ಟಿವ್‌ಗೆ ಹೋಗಬೇಡ. ಅಮೆರಿಕದ ವೆಲ್ಸ್ಲಿ ಕಾಲೇಜಿನಲ್ಲಿ ಇದಕ್ಕೆ ಹತ್ತಿರದ್ದೊಂದು ನಡೆಯಿತು. 2004ರಲ್ಲಿ ಅವರು ಕೆಳ ಹಂತದ ಕೋರ್ಸುಗಳ ಸರಾಸರಿ ಗ್ರೇಡ್ ಬಿ ಪ್ಲಸ್ ದಾಟಬಾರದು ಅಂತ ನಿಯಮ ತಂದರು. ಅದು ಪೂರ್ತಿ ಬೆಲ್ ಕರ್ವ್ ಅಲ್ಲ, ಸರಾಸರಿಗೆ ಹಾಕಿದ ಮಿತಿ. ಆ ಕಾಲೇಜಿನದೇ ಅರ್ಥಶಾಸ್ತ್ರಜ್ಞರು ಹತ್ತು ವರ್ಷದ ನಂತರ ಲೆಕ್ಕ ಹಾಕಿ ನೋಡಿದಾಗ, ಗ್ರೇಡ್ ಇಳಿಸಬೇಕಾಗಿ ಬಂದ ವಿಭಾಗಗಳತ್ತ ಬರುವ ವಿದ್ಯಾರ್ಥಿಗಳು ಕಡಿಮೆಯಾಗಿದ್ದರು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಹತ್ತು ಜನರಿಗಿಂತ ಕಡಿಮೆ ಇರುವ ಕ್ಲಾಸಿಗೆ ಆ ನಿಯಮವನ್ನು ಅವರು ಹಾಕಲೇ ಇಲ್ಲ. ಅಷ್ಟು ಸಣ್ಣ ಕ್ಲಾಸಿನಲ್ಲಿ ಸರಾಸರಿಗೆ ಅರ್ಥವಿಲ್ಲ ಅನ್ನುವುದನ್ನು ನಿಯಮ ಬರೆಯುವಾಗಲೇ ಒಪ್ಪಿಕೊಂಡ ಹಾಗಾಯಿತು.

ನಮ್ಮಲ್ಲೂ ಹಾಗೆ ಮಾಡಬಹುದು. ಮೂವತ್ತಕ್ಕಿಂತ ಕಡಿಮೆ ಜನ ಇದ್ದರೆ ಕರ್ವ್ ಬೇಡ, ಮೊದಲೇ ಹೇಳಿದ ಗೆರೆಗಳ ಪ್ರಕಾರ ಗ್ರೇಡ್ ಕೊಡಿ. ದೊಡ್ಡ ಕ್ಲಾಸಿನಲ್ಲೂ ಒಂದು ತಡೆ ಇರಲಿ: 90 ದಾಟಿದವರಿಗೆ ಎಸ್ ಖಚಿತ, 80 ದಾಟಿದವರು ಎಗಿಂತ ಕೆಳಗೆ ಹೋಗುವಂತಿಲ್ಲ. ಕರ್ವ್ ಗ್ರೇಡನ್ನು ಮೇಲಕ್ಕೆ ಎತ್ತಲಿ, ಕೆಳಕ್ಕೆ ಎಳೆಯುವುದು ಬೇಡ.

ಹಾಗೆ ಮಾಡಿದರೆ ಮೇಷ್ಟ್ರು ಎಲ್ಲರಿಗೂ 95 ಹಾಕಿಬಿಡುತ್ತಾರಲ್ಲ ಅಂತ ಕೇಳುತ್ತೀರಿ. ನಿಜ, ಆ ಅಪಾಯ ಇದೆ. ಆದರೆ ಅದಕ್ಕೆ ಮದ್ದು ಬೇರೆ ಇದೆ. ಪ್ರಶ್ನೆಪತ್ರಿಕೆಯನ್ನು ಹೊರಗಿನವರೊಬ್ಬರು ಮೊದಲೇ ನೋಡಲಿ. ಎಂಟು ಉತ್ತರ ಪತ್ರಿಕೆಗಳಲ್ಲಿ ಮೂರನ್ನು ಇನ್ನೊಬ್ಬರು ತಿದ್ದಲಿ. ಎಂಟೇ ಪೇಪರ್ ಇರುವುದರಿಂದ ಇದು ಒಂದು ಮಧ್ಯಾಹ್ನದ ಕೆಲಸ. ಕೈ ಸಡಿಲ ಇರುವ ಮೇಷ್ಟ್ರನ್ನು ಹಿಡಿಯಬೇಕಾದರೆ ಮೇಷ್ಟ್ರನ್ನೇ ಹಿಡಿಯಿರಿ. 86 ತೆಗೆದ ಹುಡುಗನ ಗ್ರೇಡ್ ಕತ್ತರಿಸಿ ಯಾಕೆ ಹಿಡಿಯಬೇಕು?

ನೀವು ವಿದ್ಯಾರ್ಥಿಗಳಾಗಿದ್ದರೆ, ಗ್ರೇಡ್ ಬಂದ ದಿನ ಮೂರು ಸಂಖ್ಯೆ ಕೇಳಿ: ಎಷ್ಟು ಜನ ಇದ್ದರು, ಸರಾಸರಿ ಎಷ್ಟು, ಸಿಗ್ಮಾ ಎಷ್ಟು. ಸಿಗ್ಮಾ ನಾಲ್ಕಕ್ಕಿಂತ ಕಡಿಮೆ ಇದ್ದರೆ ಎರಡು ಮಾರ್ಕಿನೊಳಗೆ ನಿಮ್ಮ ಗ್ರೇಡ್ ಬದಲಾಗಿರಬಹುದು. ಆಗ ಮರುಮೌಲ್ಯಮಾಪನಕ್ಕೆ ಹಾಕುವುದು ದುರಾಸೆಯಲ್ಲ. ಆ ಮೂರೂ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆಯಿರಿ, ಒಂದು ಪ್ರತಿಯನ್ನು ಎಚ್‌ಒಡಿಗೂ ಕೊಡಿ. ಹತ್ತು ಜನ ಬೇರೆ ಬೇರೆ ಎಲೆಕ್ಟಿವ್‌ಗಳಿಂದ ಹೀಗೆ ಬರೆದುಕೊಟ್ಟರೆ, ಅಕಾಡೆಮಿಕ್ ಕೌನ್ಸಿಲ್ ಮುಂದೆ ಇಡಲು ಆ ಎಚ್‌ಒಡಿಗಳ ಕೈಯಲ್ಲೂ ಕಾಗದ ಇರುತ್ತದೆ.