ಗರ್ಭ ನಿಂತ ಮೇಲೆ ಫಿಟ್ಸ್ ಮಾತ್ರೆ ಬಿಡಿಸುವವರಿಗೆ ಒಂದು ಉತ್ತರ

ನಮಸ್ಕಾರ. ಮೂರ್ಛೆ ರೋಗದ ಬಗ್ಗೆ ಮಾಡಿದ ಹಿಂದಿನ ಸಂಚಿಕೆಗೆ ಕೋಲಾರದ ಕಡೆಯವರೊಬ್ಬರು, "ಗರ್ಭ ನಿಂತ ಕೂಡಲೇ ಫಿಟ್ಸ್ ಮಾತ್ರೆ ಬಿಡಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಕೊಡಿ, ಮಗು ಚೆನ್ನಾಗಿರುತ್ತದೆ" ಎಂದು ಬರೆದಿದ್ದಾರೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಮಾತ್ರೆ ಬದಲಿಸುವ ಕಾಲ ಗರ್ಭ ನಿಲ್ಲುವುದಕ್ಕೆ ಮೊದಲೇ ಹೊರತು ಆಮೇಲಲ್ಲ.

ಶಿಡ್ಲಘಟ್ಟದ ಒಬ್ಬ ಹೆಣ್ಣುಮಗಳು ವಾಲ್ಪ್ರೊಯೇಟ್ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆಂದು ಇಟ್ಟುಕೊಳ್ಳೋಣ. ಮುಟ್ಟು ಒಂದು ವಾರ ತಡವಾಗಿ ಅವಳಿಗೆ ಅನುಮಾನ ಬರುವ ಹೊತ್ತಿಗೆ ಭ್ರೂಣಕ್ಕೆ ಸುಮಾರು ಮೂರು ವಾರ ತುಂಬಿರುತ್ತದೆ. ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಸುಮಾರು 28ನೇ ದಿನಕ್ಕೆ. ಅವಳು ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿಕೊಳ್ಳುವಷ್ಟರಲ್ಲಿ ಆ ದಿನ ಕಳೆದಿರುತ್ತದೆ. ಆಗ ಮಾತ್ರೆ ಬಿಟ್ಟರೆ, ಅದರಿಂದ ನರನಾಳ ಸರಿಯಾಗಿ ಮುಚ್ಚದೆ ಆಗುವ ದೋಷ ತಪ್ಪುವುದಿಲ್ಲ. ಫಿಟ್ಸ್ ಮಾತ್ರ ಮರಳಿ ಬರುತ್ತದೆ. ಇಡೀ ಮೈ ಸೆಟೆದು ಬೀಳುವ ಫಿಟ್ಸ್‌ನಲ್ಲಿ ತಾಯಿಗೆ ಪೆಟ್ಟಾಗಬಹುದು, ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ತಾಯಿಯ ಜೀವಕ್ಕೇ ಅಪಾಯವಾಗಬಹುದು.

"ಹಾಗಾದರೆ ಮಾತ್ರೆಯಿಂದ ಮಗುವಿಗೆ ತೊಂದರೆಯೇ ಇಲ್ಲವೇ?" ಎಂದು ಕೇಳುತ್ತೀರಿ. ಇದೆ, ಅದಕ್ಕಾಗಿಯೇ ಮೊದಲೇ ಎನ್ನುತ್ತಿದ್ದೇನೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ದೊಡ್ಡ ಜನ್ಮದೋಷ ಕಾಣುತ್ತದೆ. ವಾಲ್ಪ್ರೊಯೇಟ್‌ನಲ್ಲಿ ಅದು ಹತ್ತರ ಸುಮಾರಿಗೆ ಏರುತ್ತದೆ, ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ, ಮಗುವಿನ ಕಲಿಕೆಯ ಶಕ್ತಿಗೂ ಧಕ್ಕೆಯಾಗುತ್ತದೆ. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಮ್ ಎಂಬ ಬೇರೆ ಫಿಟ್ಸ್ ಔಷಧಿಗಳಲ್ಲಿ ಅಪಾಯ ಮೂರರ ಆಸುಪಾಸಿನಲ್ಲಿರುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದ ಮಗು ಬೇಕೆಂದು ಮನಸ್ಸು ಮಾಡಿದಾಗಲೇ ನರರೋಗ ತಜ್ಞರನ್ನು ಕಾಣಬೇಕು. ಈಗಾಗಲೇ ಗರ್ಭಿಣಿಯಾಗಿದ್ದರೂ ಮಾತ್ರೆ ನಿಲ್ಲಿಸದೆ ಕೂಡಲೇ ಅವರ ಬಳಿ ಹೋಗಬೇಕು.

ನರನಾಳದ ದೋಷ ತಡೆಯಲು ಕೊಡುವ ಫೋಲಿಕ್ ಆಮ್ಲಕ್ಕೂ ಇದೇ ಲೆಕ್ಕ. ನಾಲ್ಕನೇ ತಿಂಗಳಿಂದ ಕೊಡುವ ಕಬ್ಬಿಣದ ಮಾತ್ರೆಯಲ್ಲಿಯೂ ಅದು ಇರುತ್ತದೆ, ಆದರೆ ನರನಾಳ ಮುಚ್ಚಿ ಆಗಲೇ ತಿಂಗಳುಗಳಾಗಿರುತ್ತವೆ. ಹಾಗಾಗಿ ಅದನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಬೇಕು. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅನೇಕ ವೈದ್ಯರು ದಿನಕ್ಕೆ 5 ಮಿಲಿಗ್ರಾಂ ಬರೆಯುತ್ತಾರೆ. "ಫೋಲಿಕ್ ತೆಗೆದುಕೊಂಡರೆ ವಾಲ್ಪ್ರೊಯೇಟ್ ನಡೆಯುತ್ತದೆ" ಎನ್ನುವವರ ಮಾತನ್ನು ನಾನು ಒಪ್ಪುವುದೇ ಇಲ್ಲ, ಏಕೆಂದರೆ ಅದು ವಾಲ್ಪ್ರೊಯೇಟ್‌ನ ಹಾನಿಯನ್ನು ಅಳಿಸಿಹಾಕುವುದಿಲ್ಲ.

ಇನ್ನೊಂದು ವಿಷಯ. ಲ್ಯಾಮೋಟ್ರಿಜಿನ್ ತೆಗೆದುಕೊಳ್ಳುವವರಲ್ಲಿ ಬಸುರಿನ ಕಾಲಕ್ಕೆ ರಕ್ತದಲ್ಲಿನ ಔಷಧದ ಮಟ್ಟ ಅರ್ಧಕ್ಕೂ ಇಳಿಯಬಹುದು. ವೈದ್ಯರು ಪ್ರಮಾಣ ಹೆಚ್ಚಿಸಿದಾಗ ಅತ್ತೆಯವರು ಗಾಬರಿಯಾಗಿ ಮಾತ್ರೆ ತಡೆಯಬಾರದು. ಹೆರಿಗೆಯಾದ ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ಇಳಿಸಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತದೆ, ಒಂದು ಎರಡಾಗಿ ಕಾಣುತ್ತದೆ. ಎದೆಹಾಲಿನ ವಿಷಯವನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ಚಂದಾದಾರರಾಗದವರು ಈಗಲೇ ಆಗಿರಿ, ಮತ್ತು ಕಾಮೆಂಟ್ ಬರೆದವರೇ, ನಿಮ್ಮ ಸಲಹೆಯನ್ನು ದಯವಿಟ್ಟು ಅಳಿಸಿಹಾಕಿ.