ಸಾಲ ತೀರಿದರೆ ಖುಷಿ, ಋಣ ತೀರಿದರೆ?

ಕೇಳುಗರೇ, ನಮಸ್ಕಾರ.

ನಾನು ಶಿರಸಿ ಕಡೆಯವನು. ಒಂದು ಸಹಕಾರಿ ಸೊಸೈಟಿಯಲ್ಲಿ 31 ವರ್ಷ ಸಾಲದ ಲೆಡ್ಜರ್ ಬರೆದವನು. ಹಾಗಾಗಿ ಯಾರಾದರೂ ‘ಹೆತ್ತವರ ಋಣ ಏಳು ಜನ್ಮಕ್ಕೂ ತೀರೋದಿಲ್ಲ’ ಅಂದ ಕೂಡಲೇ ನನ್ನ ಕೈ ಪೆನ್ನು ಹುಡುಕುತ್ತದೆ. ಅಸಲು ಎಷ್ಟು? ಬಡ್ಡಿ ಎಷ್ಟು? ವಾಯಿದೆ ಯಾವಾಗ? ಅರ್ಜಿಗೆ ಸಹಿ ಮಾಡಿದ್ದು ಯಾರು?

ತಮಾಷೆಗೆ ಕೇಳ್ತಾ ಇಲ್ಲ. ಸಾಲ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ರೈತ ಬೆಳೆಸಾಲ ತೆಗೆದರೆ ಅವನ ಪಹಣಿಯಲ್ಲಿ ಬೋಜಾ ಕೂರುತ್ತದೆ. ಅಡಿಕೆ ಮಾರಿ ದುಡ್ಡು ಕಟ್ಟಿದ ದಿನ ನಾವು ‘ಬಾಕಿ ಇಲ್ಲ’ ಅಂತ ಬರೆದು ಕೊಡುತ್ತೇವೆ. ಬೋಜಾ ಇಳಿಯುತ್ತದೆ. ಆಮೇಲೆ ಆ ಮನುಷ್ಯ ನಮ್ಮನ್ನು ನೋಡಿದರೂ ಸರಿ, ನೋಡದಿದ್ದರೂ ಸರಿ. ಸಾಲದ ಗುಣವೇ ಅದು, ತೀರಿದ ಮೇಲೆ ಇಬ್ಬರೂ ಬಿಡುಗಡೆ.

ಈಗ ನಮ್ಮ ಮಾತನ್ನೇ ಸ್ವಲ್ಪ ಗಮನಿಸಿ. ‘ಸಾಲ ತೀರಿತು’ ಅಂದರೆ ಮನೆಯಲ್ಲಿ ಪಾಯಸ. ‘ಋಣ ತೀರಿತು’ ಅಂತ ಯಾವಾಗ ಹೇಳುತ್ತೇವೆ? ಯಾರಾದರೂ ಹೋದಾಗ. ಊರು ಬಿಡುವಾಗ. ಅಣ್ಣತಮ್ಮಂದಿರು ಪಾಲಾಗಿ ಮುಖ ನೋಡದ ಹಾಗಾದಾಗ. ಒಂದೇ ‘ತೀರಿತು’, ಆದರೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಸಂಬಂಧವೇ ಮುಗಿದ ಸಂಕಟ. ಋಣವನ್ನು ಸಾಲದ ಪುಸ್ತಕದಲ್ಲಿ ಬರೆಯೋಕೆ ಹೋದಾಗಲೇ ಎಲ್ಲ ಎಡವಟ್ಟಾಗುವುದು ಅಂತ ನನ್ನ ಅನಿಸಿಕೆ.

ಹಳಬರಿಗೆ ಇದು ಹೊಳೆದಿತ್ತೋ ಏನೋ. ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆ ಅನ್ನುವ ಮಾತು ತೈತ್ತಿರೀಯ ಸಂಹಿತೆಯಲ್ಲಿದೆ. ಅಲ್ಲಿ ಅದನ್ನು ಬ್ರಾಹ್ಮಣನ ಬಗ್ಗೆ ಹೇಳಿದ್ದು, ಆ ಮಾತು ಬೇರೆ. ಋಷಿಗಳ ಋಣ ಬ್ರಹ್ಮಚರ್ಯದಿಂದ, ದೇವತೆಗಳದ್ದು ಯಜ್ಞದಿಂದ, ಪಿತೃಗಳದ್ದು ಮಕ್ಕಳನ್ನು ಪಡೆಯುವುದರಿಂದ ತೀರುತ್ತದೆಯಂತೆ. ಕೊನೆಯದನ್ನು ನೋಡಿ. ತಗೊಂಡಿದ್ದು ಅಪ್ಪನಿಂದ, ಕೊಡುವುದು ಮಗನಿಗೆ! ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಕಟ್ಟಿದರೆ ನಮ್ಮ ಸೊಸೈಟಿಯಲ್ಲಿ ಆಡಿಟರ್ ನನ್ನನ್ನು ಸುಮ್ನೆ ಬಿಡುತ್ತಿರಲಿಲ್ಲ. ಬುದ್ಧನದ್ದು ಮತ್ತೊಂದು ದಾರಿ. ಅಂಗುತ್ತರ ನಿಕಾಯದಲ್ಲಿ ಅವನು ಹೇಳುವ ಪ್ರಕಾರ, ಒಂದು ಹೆಗಲ ಮೇಲೆ ತಾಯಿ, ಇನ್ನೊಂದರ ಮೇಲೆ ತಂದೆ, ಹೀಗೆ ನೂರು ವರ್ಷ ಹೊತ್ತು, ಮೈ ತಿಕ್ಕಿ, ಸ್ನಾನ ಮಾಡಿಸಿ, ಅವರು ಹೆಗಲ ಮೇಲೇ ಉಚ್ಚೆ ಕಕ್ಕಸು ಮಾಡಿದರೂ ತಡೆದುಕೊಂಡರೂ ತೀರಿದ ಹಾಗಾಗಲಿಲ್ಲ. ಆದರೆ ಜಿಪುಣರಾದ ತಂದೆತಾಯಿಯನ್ನು ಕೊಡುವ ಗುಣಕ್ಕೆ ತಂದರೆ, ಕೆಟ್ಟ ನಡತೆಯವರನ್ನು ಒಳ್ಳೆಯ ನಡತೆಗೆ ತಂದರೆ, ತೀರಿತು. ನಮ್ಮಪ್ಪಯ್ಯನಿಗೆ ನಾನು ಬುದ್ಧಿ ಹೇಳಿದ್ದರೆ ಏನಾಗುತ್ತಿತ್ತು ಅನ್ನುವುದು ಬೇಡ ಬಿಡಿ.

ಇದಕ್ಕೆ ಪೂರ್ತಿ ಉಲ್ಟಾ ಮಾತಾಡಿದವರು ಅಮೆರಿಕದ ತತ್ವಶಾಸ್ತ್ರಜ್ಞೆ ಜೇನ್ ಇಂಗ್ಲಿಷ್. 1979ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಅವರು ಹೇಳುವುದು, ಬೆಳೆದ ಮಕ್ಕಳು ತಂದೆತಾಯಿಗೆ ‘ಬಾಕಿ’ ಇರುವುದು ಏನೂ ಇಲ್ಲ ಅಂತ. ಕೇಳಿದರೆ ಸಿಟ್ಟು ಬರುತ್ತದೆ, ಅಲ್ವಾ? ಆದರೆ ತರ್ಕ ನೋಡಿ. ನಮ್ಮ ಕಡೆಯ ಮುಯ್ಯಾಳಿನ ಲೆಕ್ಕದಲ್ಲೇ ಹೇಳುತ್ತೇನೆ. ನಾಳೆ ಅಡಿಕೆ ಸುಲಿಯೋಕೆ ಬಾ ಮಾರಾಯ ಅಂತ ಪಕ್ಕದ ಮನೆಯವನನ್ನು ನಾನು ಕರೆದೆ, ಅವನು ಬಂದ. ಅವನ ಮನೆ ಸುಲಿಗೆಗೆ ನಾನು ಹೋಗಲೇಬೇಕು. ಹೋದೆ, ಚುಕ್ತಾ. ಆದರೆ ನಾನು ಕೇಳದೇ ಇದ್ದರೂ ಅವನೇ ಒಂದು ಬೆಳಿಗ್ಗೆ ಬಂದು ನನ್ನ ತೋಟದ ಕಾಲುವೆ ಬಿಡಿಸಿ ಹೋದ ಅನ್ನಿ. ನನಗೆ ಸಂತೋಷ ಆಗಬೇಕು, ನಿಜ. ಆದರೆ ‘ನನಗೊಂದು ಆಳು ಬಾಕಿ ಇದೆ’ ಅಂತ ಅವನು ಬಂದು ಕೇಳೋ ಹಾಗಿಲ್ಲ. ಹುಟ್ಟಿಸಿ ಅಂತ ನಾವು ಯಾರೂ ಅರ್ಜಿ ಹಾಕಿರಲಿಲ್ಲವಲ್ಲ. ಹಾಗಂತ ಮಕ್ಕಳು ಏನೂ ಮಾಡಬೇಕಾಗಿಲ್ಲ ಅಂತ ಅವರ ಅರ್ಥವಲ್ಲ. ಮಾಡಬೇಕು, ಆದರೆ ಸ್ನೇಹಿತರಿಗೆ ಮಾಡುವ ಹಾಗೆ. ಅವರಿಗೆ ಈಗ ಏನು ಬೇಕು, ನಮ್ಮ ಕೈಲಿ ಎಷ್ಟಾಗುತ್ತದೆ, ಇದೇ ಅಳತೆ. ಅವರು ಅಂದು ಎಷ್ಟು ಕೊಟ್ಟಿದ್ದರು ಅನ್ನುವುದು ಅಳತೆ ಅಲ್ಲ.

ನಮ್ಮ ಕಾನೂನು ಕೂಡ ಹೆಚ್ಚುಕಮ್ಮಿ ಇದೇ ಅಳತೆ ಹಿಡಿದಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದಲೋ ಆಸ್ತಿಯಿಂದಲೋ ಬದುಕು ನಡೆಸಲಾಗದ ತಂದೆತಾಯಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿ ತನಕ ಕೊಡಿಸಬಹುದು ಅಂತ ಆ ಕಾಯ್ದೆ ಇಟ್ಟಿತು. ಮಗನ ಓದಿಗೆ ಎಷ್ಟು ಖರ್ಚು ಮಾಡಿದ್ದಿರಿ, ರಸೀದಿ ತನ್ನಿ ಅಂತ ಅಲ್ಲಿ ಕೇಳುವುದಿಲ್ಲ.

ಆದರೂ ಜೇನ್ ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸ್ನೇಹ ಮುಗಿದರೆ ಕರ್ತವ್ಯವೂ ಮುಗಿಯಿತು ಅನ್ನುತ್ತಾರೆ ಅವರು. ನನಗೆ ಗೊತ್ತಿರುವ ಒಬ್ಬ ಹೆಂಗಸು ಹೊನ್ನಾವರ ಕಡೆಯವಳು. ಅವಳಿಗೆ ಆರು ವರ್ಷ ಇದ್ದಾಗ ಅಪ್ಪ ಮನೆ ಬಿಟ್ಟು ಹೋದ. ಸಾಕಿದ್ದು ತಾಯಿ, ಮೀನು ಬುಟ್ಟಿ ಹೊತ್ತು. ಮೂವತ್ತು ವರ್ಷದ ಮೇಲೆ ಆ ಮನುಷ್ಯ ಕೈಕಾಲು ಬಿದ್ದು ವಾಪಸ್ ಬಂದ. ಲೆಕ್ಕ ಹಾಕಿದರೆ ಅವನಿಗೆ ಒಂದು ಪೈಸೆ ಬಾಕಿ ಇಲ್ಲ. ಸ್ನೇಹವಂತೂ ಮೊದಲಿನಿಂದಲೇ ಇರಲಿಲ್ಲ. ಆದರೂ ಜಗಲಿಯಲ್ಲಿ ಜಾಗ ಕೊಟ್ಟಳು, ದಿನಾ ಗಂಜಿ ಕೊಟ್ಟಳು. ‘ಋಣ ಅಂತ ಮಾಡ್ತಾ ಇದ್ದೀಯಾ?’ ಅಂತ ಕೇಳಿದೆ. ‘ಎಂಥ ಋಣ ಅಣ್ಣಾ? ಅವ ನಂಗೆ ಎಂಥದ್ದೂ ಕೊಡ್ಲಿಲ್ಲ. ಮತ್ತೆ ಬೀದಿಲಿ ಬಿಡೂಕೆ ಆತದಾ?’ ಅಂದಳು. ಅವಳು ಮಾಡಿದ್ದಕ್ಕೆ ಏನು ಹೆಸರು ಕೊಡಬೇಕು ಅಂತ ನನಗಿನ್ನೂ ಗೊತ್ತಾಗಿಲ್ಲ. ಮಾಡದೇ ಇದ್ದಿದ್ದರೆ ಅವಳನ್ನು ಬೈಯುವ ಹಕ್ಕು ನನಗಂತೂ ಇರಲಿಲ್ಲ.

ನನ್ನದೇ ಒಂದು ಲೆಕ್ಕ ಹೇಳುತ್ತೇನೆ. ನಾನು ಧಾರವಾಡದಲ್ಲಿ ಬಿಕಾಂ ಓದುವಾಗ ಅಪ್ಪಯ್ಯ ಸೊಸೈಟಿಯಲ್ಲಿ 4,000 ರೂಪಾಯಿ ಸಾಲ ತೆಗೆದಿದ್ದರು. ಕಾಗದದಲ್ಲಿ ಗೊಬ್ಬರಕ್ಕೆ, ನಿಜವಾಗಿ ನನ್ನ ಹಾಸ್ಟೆಲ್ಲಿಗೆ. ಮುಂದೆ ಅದೇ ಸೊಸೈಟಿಯಲ್ಲಿ ನನಗೆ ಕೆಲಸ ಸಿಕ್ಕಿತು. ಸಂಬಳದಲ್ಲಿ ಉಳಿಸಿ ಉಳಿಸಿ ಅಸಲು ಬಡ್ಡಿ ಎರಡೂ ಕಟ್ಟಿದೆ. ‘ಬಾಕಿ ಇಲ್ಲ’ ಅನ್ನುವ ಕಾಗದವನ್ನು ನಾನೇ ಬರೆದು, ಮೇಲಿನವರ ಸಹಿ ಹಾಕಿಸಿ, ಸಂಜೆ ಜಂಬದಿಂದ ಮನೆಗೆ ತಂದೆ. ಅವರು ಕನ್ನಡಕ ಹಾಕಿ ಓದಿದರು. ಮಡಚಿ ಪಂಚಾಂಗದೊಳಗೆ ಇಟ್ಟರು. ‘ಹ್ಞೂಂ. ನಾಳೆ ಅಡಿಕೆ ಕೊಯ್ಯೋಕೆ ಕೊನೆಗೌಡಂಗೆ ಹೇಳಿ ಬಾ’ ಅಂದರು. ಅಷ್ಟೇ! ನನಗೆ ಎಷ್ಟು ಬೇಜಾರಾಗಿತ್ತು ಅಂದರೆ ರಾತ್ರಿ ಊಟ ಸೇರಲಿಲ್ಲ. ಚುಕ್ತಾ ಆಯ್ತು ಅಂತ ಅವರ ಬಾಯಲ್ಲಿ ಕೇಳಬೇಕಿತ್ತು ನನಗೆ. ಅವರ ಹತ್ತಿರ ಅಂಥ ಪುಸ್ತಕವೇ ಇರಲಿಲ್ಲ ಅಂತ ಗೊತ್ತಾಗೋಕೆ ಬಹಳ ವರ್ಷ ಬೇಕಾಯಿತು.

ಈಗ ಅವರಿಗೆ 91. ಬಗ್ಗೋಕೆ ಆಗುವುದಿಲ್ಲ. ಶನಿವಾರ ಬೆಳಿಗ್ಗೆ ಕಾಲುಗುರು ತೆಗೆಯುವುದು ನನ್ನ ಕೆಲಸ. ಮುದಿ ಉಗುರು ದಪ್ಪ, ಒಣಗಿದ ಅಡಿಕೆ ಸಿಪ್ಪೆ ಹಾಗೆ ಗಟ್ಟಿ. ಹಾಗೇ ಕತ್ತರಿಸಿದರೆ ಸೀಳುತ್ತದೆ. ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಇಡಿಸಬೇಕು, ಆಮೇಲೆ ನೇರಕ್ಕೆ ಕತ್ತರಿಸಬೇಕು, ಮೂಲೆ ಕೆತ್ತಿದರೆ ಉಗುರು ಮಾಂಸದೊಳಗೆ ಬೆಳೆಯುತ್ತದೆ. ಮೊದಮೊದಲು ಅವರು ಬೇಡ ಬೇಡ ಅನ್ನುತ್ತಿದ್ದರು, ಮಗನ ಕೈಲಿ ಕಾಲು ಹಿಡಿಸುವುದೇನು ಅಂತ ಸಂಕೋಚ. ಈಗ ಏನೂ ಅನ್ನುವುದಿಲ್ಲ. ಒಂದು ಕಾಲಿನದು ಮುಗಿದು ಟವೆಲ್ಲಿನಲ್ಲಿ ಒರೆಸುವಷ್ಟರಲ್ಲಿ, ಪೇಪರಿನಿಂದ ಕಣ್ಣು ಎತ್ತದೇ, ಇನ್ನೊಂದು ಕಾಲನ್ನು ಮುಂದೆ ಚಾಚುತ್ತಾರೆ.

ನಮಸ್ಕಾರ.